ರೂಟರಿನ ತಳದ ಚೀಟಿ: ಮಾಡೆಲ್ ಒಂದೇ, ಒಳಗಿನ ಯಂತ್ರ ಬೇರೆ

ವೈಫೈ ರೂಟರನ್ನು ಮಗುಚಿ ಹಿಡಿದರೆ ತಳದಲ್ಲಿ ಒಂದು ಚೀಟಿ ಅಂಟಿಸಿರುತ್ತದೆ. ಮಾಡೆಲ್ ಹೆಸರು, ಸೀರಿಯಲ್ ನಂಬರ್, ಮ್ಯಾಕ್ ವಿಳಾಸ, ವೈಫೈ ಪಾಸ್‌ವರ್ಡ್, ಎಷ್ಟು ವೋಲ್ಟಿನ ಅಡಾಪ್ಟರ್ ಬೇಕು ಎಂಬ ವಿವರ ಎಲ್ಲವೂ ಅಲ್ಲಿ ಸಣ್ಣ ಅಕ್ಷರದಲ್ಲಿ ಅಚ್ಚಾಗಿರುತ್ತವೆ. ಹೊಸ ಫರ್ಮ್‌ವೇರ್ ಹಾಕಬೇಕಾದಾಗ ಹೆಚ್ಚಿನವರು ನೋಡುವುದು ಮಾಡೆಲ್ ಹೆಸರನ್ನು ಮಾತ್ರ. ತೊಡಕು ಶುರುವಾಗುವುದೂ ಅಲ್ಲಿಂದಲೇ. ಯಾವ ಫರ್ಮ್‌ವೇರ್ ಹೊಂದುತ್ತದೆ ಎಂಬುದನ್ನು ತೀರ್ಮಾನಿಸುವುದು ಮಾಡೆಲ್ ಹೆಸರಿನ ಪಕ್ಕದಲ್ಲೋ ಕೆಳಗೋ ಇರುವ ಇನ್ನೊಂದು ಪುಟ್ಟ ಅಂಕಿ. ಅದು ಹಾರ್ಡ್‌ವೇರ್ ಆವೃತ್ತಿ.

ಫರ್ಮ್‌ವೇರ್ ಎಂದರೆ ರೂಟರಿನೊಳಗೆ ಕಾಯಂ ಆಗಿ ಕೂತಿರುವ ತಂತ್ರಾಂಶ. ಅದನ್ನು ಒಂದು ನಿರ್ದಿಷ್ಟ ಚಿಪ್ಪಿಗೆ, ಒಂದು ನಿರ್ದಿಷ್ಟ ಅಳತೆಯ ಮೆಮೊರಿಗೆ ಹೊಂದಿಸಿ ಬರೆದಿರುತ್ತಾರೆ. ಆದರೆ ತಯಾರಕರು ಒಂದೇ ಮಾಡೆಲ್ ಹೆಸರಿನಲ್ಲಿ ವರ್ಷಗಟ್ಟಲೆ ಮಾರುತ್ತಾ, ನಡುವೆ ಒಳಗಿನ ಚಿಪ್ಪನ್ನೇ ಬದಲಿಸುವುದುಂಟು. ಪೆಟ್ಟಿಗೆಯ ಮೇಲಿನ ಹೆಸರು ಹಾಗೇ ಉಳಿಯುತ್ತದೆ, ಬದಲಾದದ್ದಕ್ಕೆ ಸಾಕ್ಷಿಯಾಗಿ ಚೀಟಿಯ ಆವೃತ್ತಿ ಅಂಕಿ ಮಾತ್ರ ಏರುತ್ತದೆ.

ಇದಕ್ಕೆ ಟಿಪಿ-ಲಿಂಕ್ ಕಂಪನಿಯ TL-WR841N ಒಳ್ಳೆಯ ಉದಾಹರಣೆ. ಎರಡು ಆಂಟೆನಾಗಳ, 2.4 ಗಿಗಾಹರ್ಟ್ಸಿನ ಈ ಅಗ್ಗದ ರೂಟರ್ ಭಾರತದಲ್ಲಿ ಸಾಕಷ್ಟು ಮನೆ, ಅಂಗಡಿಗಳಲ್ಲಿದೆ. ಇದರ 9ರಿಂದ 12ರವರೆಗಿನ ಆವೃತ್ತಿಗಳಲ್ಲಿ ಇದ್ದದ್ದು ಕ್ವಾಲ್‌ಕಾಮ್ ಅಥೆರಾಸ್ ಚಿಪ್, 4 ಎಂಬಿ ಫ್ಲ್ಯಾಶ್ ಮತ್ತು 32 ಎಂಬಿ ರ‍್ಯಾಮ್. 13ನೆಯ ಆವೃತ್ತಿಗೆ ಬರುವಾಗ ಮೀಡಿಯಾಟೆಕ್ ಕಂಪನಿಯ ಬೇರೆಯದೇ ಚಿಪ್ ಬಂತು, ಫ್ಲ್ಯಾಶ್ 8 ಎಂಬಿ, ರ‍್ಯಾಮ್ 64 ಎಂಬಿ ಆಯಿತು. 14ನೆಯ ಆವೃತ್ತಿಯಲ್ಲಿ ಅದೇ ಮೀಡಿಯಾಟೆಕ್ ಚಿಪ್ ಉಳಿದರೂ ಮೆಮೊರಿ ಮತ್ತೆ 4 ಮತ್ತು 32ಕ್ಕೆ ಇಳಿಯಿತು. ಅಂಕಿ ದೊಡ್ಡದಾದಷ್ಟೂ ಯಂತ್ರ ಉತ್ತಮ ಎಂಬ ಸಹಜ ಊಹೆ ಇಲ್ಲಿ ನಡೆಯುವುದಿಲ್ಲ. ಹೊರಗಿನಿಂದ ನೋಡಿ 13ನ್ನೂ 14ನ್ನೂ ಬೇರ್ಪಡಿಸುವುದು ಕಷ್ಟ, ಚೀಟಿಯನ್ನು ಓದಲೇಬೇಕು.

ಚೀಟಿಯಲ್ಲಿ ಆವೃತ್ತಿಯನ್ನು ಬರೆಯುವ ರೀತಿ ಕಂಪನಿಯಿಂದ ಕಂಪನಿಗೆ ಬೇರೆ. ಟಿಪಿ-ಲಿಂಕ್ ಚೀಟಿಯಲ್ಲಿ ಅದು `Ver: 14.0` ಎಂದೋ ಬರೀ `V: 13.0` ಎಂದೋ ಇರುತ್ತದೆ. ಡಿ-ಲಿಂಕ್ ಚೀಟಿಯಲ್ಲಿ `H/W Ver.` ಎಂಬುದರ ಮುಂದೆ B1, T1 ಎಂಬಂಥ ಅಕ್ಷರ ಮತ್ತು ಅಂಕಿ, ಅದರ ಪಕ್ಕದಲ್ಲೇ `F/W Ver.` ಎಂಬ ಇನ್ನೊಂದು ಸಂಖ್ಯೆ ಕಾಣುತ್ತದೆ. ಇವೆರಡನ್ನೂ ಒಂದೇ ಎಂದು ತಿಳಿಯಬಾರದು. ಮೊದಲನೆಯದು ಯಂತ್ರದ ಆವೃತ್ತಿ, ಅದು ಎಂದೂ ಬದಲಾಗುವುದಿಲ್ಲ. ಎರಡನೆಯದು ಕಾರ್ಖಾನೆಯಿಂದ ಹೊರಬೀಳುವಾಗ ಒಳಗಿದ್ದ ಫರ್ಮ್‌ವೇರಿನ ಸಂಖ್ಯೆ. ಆಮೇಲೆ ಯಾರಾದರೂ ಅದನ್ನು ಹೊಸದಾಗಿಸಿದ್ದರೆ ಚೀಟಿಗೆ ಅದು ಗೊತ್ತಿರುವುದಿಲ್ಲ.

ಮಾಡೆಲ್ ಹೆಸರಿನ ಕೊನೆಯ ಅಕ್ಷರವನ್ನೂ ಬಿಡುವಂತಿಲ್ಲ. TL-WR841N ಮತ್ತು TL-WR841ND ಒಂದೇ ಅಲ್ಲ, ಎರಡನೆಯದರ ಆಂಟೆನಾಗಳನ್ನು ತಿರುಗಿಸಿ ಬಿಚ್ಚಬಹುದು. ಆವರಣದೊಳಗೆ (EU), (US) ಎಂದು ಇದ್ದರೆ ಅದು ಯಾವ ಪ್ರದೇಶದ ಮಾರುಕಟ್ಟೆಗೆ ತಯಾರಾದದ್ದು ಎಂಬುದರ ಗುರುತು. ರೇಡಿಯೊ ನಿಯಮಗಳು ದೇಶದಿಂದ ದೇಶಕ್ಕೆ ಬೇರೆಯಾಗಿರುವುದರಿಂದ ಈ ಗುರುತು ಬೇಕಾಗುತ್ತದೆ. 2.4 ಗಿಗಾಹರ್ಟ್ಸಿನಲ್ಲಿ ಭಾರತದ ರೂಟರುಗಳು 1ರಿಂದ 13ರವರೆಗಿನ ಚಾನೆಲ್‌ಗಳನ್ನು ಬಳಸಬಹುದು, ಅಮೆರಿಕಕ್ಕೆಂದು ತಯಾರಾದವು ಸಾಮಾನ್ಯವಾಗಿ 11ಕ್ಕೇ ನಿಲ್ಲುತ್ತವೆ. ಅಮೆರಿಕದಲ್ಲಿರುವ ಮಗನೋ ಮಗಳೋ ತಂದುಕೊಟ್ಟ ರೂಟರಿಗೆ ಇಲ್ಲಿಯ ಫರ್ಮ್‌ವೇರ್ ಹಾಕಲು ಹೋದರೆ ಅದು ಬಹುತೇಕ ನಿರಾಕರಿಸುವುದು ಇದೇ ಕಾರಣಕ್ಕೆ. ಯಾವ ದೇಶದಲ್ಲಿ ಕೊಂಡಿದ್ದೋ ಆ ದೇಶದ ತಾಣದಿಂದಲೇ ಫೈಲ್ ತರಬೇಕು.

ಗೋಡೆಗೆ ಜಡಿದ ರೂಟರನ್ನು ಇಳಿಸಿ ಓದುವುದಕ್ಕಿಂತ ಫೋನಿನಲ್ಲಿ ಫೋಟೊ ತೆಗೆದು ಹಿಗ್ಗಿಸಿ ನೋಡುವುದು ಸುಲಭ. ಫ್ಲ್ಯಾಶ್ ಹಾಕಿದರೆ ಚೀಟಿಯ ಹೊಳಪಿಗೆ ನಡುವಿನ ಸಾಲುಗಳೇ ಬೆಳ್ಳಗೆ ಅಳಿಸಿಹೋಗುತ್ತವೆ. ಫ್ಲ್ಯಾಶ್ ಆರಿಸಿ, ಕಿಟಕಿಯ ಬೆಳಕು ಪಕ್ಕದಿಂದ ಬೀಳುವಂತೆ ಹಿಡಿದು, ಸ್ವಲ್ಪ ದೂರದಿಂದ ಜೂಮ್ ಮಾಡಿ ತೆಗೆದರೆ ಅಕ್ಷರ ಸ್ಪಷ್ಟವಾಗಿ ಬರುತ್ತವೆ. ಮಸುಕಾದ ಚೀಟಿಯಲ್ಲಿ 8 ಮತ್ತು B, 0 ಮತ್ತು O ಕಲಸಿಕೊಳ್ಳುತ್ತವೆ. ಮ್ಯಾಕ್ ವಿಳಾಸದಲ್ಲಿ 0ಯಿಂದ 9 ಮತ್ತು Aಯಿಂದ F ಮಾತ್ರ ಬರುವುದರಿಂದ ಅಲ್ಲಿ ಕಾಣುವ ದುಂಡನೆಯದು ಸೊನ್ನೆಯೇ ಎಂದು ಧೈರ್ಯವಾಗಿ ಓದಬಹುದು. 8 ಮತ್ತು B ಎರಡೂ ಬರಬಹುದಾದ್ದರಿಂದ ಅವುಗಳನ್ನು ಮಾತ್ರ ಕಣ್ಣಿಟ್ಟೇ ನೋಡಬೇಕು.

ಈ ಫೋಟೊವನ್ನು ಸಲಹೆಗಾಗಿ ಬೇರೆಯವರಿಗೆ ಕಳಿಸುವುದಾದರೆ ಒಂದು ಎಚ್ಚರ ಅಗತ್ಯ. ಮಾಡೆಲ್, ಆವೃತ್ತಿ, ವಿದ್ಯುತ್ ವಿವರ ಇವಿಷ್ಟು ಸಾಕು, ಪಾಸ್‌ವರ್ಡ್, ಪಿನ್, ಮ್ಯಾಕ್, ಸೀರಿಯಲ್ ನಂಬರ್ ಮುಚ್ಚಿರಬೇಕು. ಚೀಟಿಯಲ್ಲಿ ಕ್ಯೂಆರ್ ಚೌಕ ಇದ್ದರೆ ಅದನ್ನೂ ಮುಚ್ಚಬೇಕು, ಏಕೆಂದರೆ ವೈಫೈಗೆ ಸೇರಿಸುವ ಕ್ಯೂಆರ್ ಚೌಕದೊಳಗೆ ಪಾಸ್‌ವರ್ಡ್ ಬಿಡಿಸಿಟ್ಟಂತೆ ಹೀಗೆ ಇರುತ್ತದೆ:

```
WIFI:T:WPA;S:ಹೆಸರು;P:ಪಾಸ್‌ವರ್ಡ್;;
```

ಚೀಟಿ ಹರಿದಿದ್ದರೆ ಅಥವಾ ಓದಲಾಗದಷ್ಟು ಸವೆದಿದ್ದರೆ ರೂಟರಿನ ಒಳಗೇ ಇನ್ನೊಂದು ಸಾಕ್ಷಿ ಇದೆ. ಬ್ರೌಸರಿನಲ್ಲಿ `192.168.0.1` ಎಂದು ಬರೆದು ಒಳಹೊಕ್ಕರೆ ಸ್ಟೇಟಸ್ ಪುಟದಲ್ಲಿ `TL-WR841N v13 00000013` ಎಂಬಂಥ ಸಾಲು ಸಿಗುತ್ತದೆ. v ಅಕ್ಷರದ ಮುಂದಿನದೇ ಯಂತ್ರದ ಆವೃತ್ತಿ. ಫರ್ಮ್‌ವೇರ್ ಸಾಲಿನಲ್ಲಿ `Build 180119` ಎಂದಿದ್ದರೆ ಅದು ತಾರೀಖು: 2018ರ ಜನವರಿ 19. ಚೀಟಿ ಓದಲು ಸಿಗುತ್ತಿದ್ದರೂ ಈ ಪುಟವನ್ನು ಒಮ್ಮೆ ನೋಡಿ ಎರಡನ್ನೂ ತಾಳೆ ಹಾಕುವುದು ಒಳ್ಳೆಯದು.

ಹಳೆಯ ಟಿಪಿ-ಲಿಂಕ್ ಚೀಟಿಗಳಲ್ಲಿ ಪ್ರವೇಶದ ವಿಳಾಸ `tplinklogin.net` ಎಂದಿದೆ, ಮುಂದಿನವುಗಳಲ್ಲಿ `tplinkwifi.net`. ಹಳೆಯ ಆ ಹೆಸರು ಕಂಪನಿಯ ಕೈಬಿಟ್ಟುಹೋಗಿದೆ ಎಂದು 2016ರಲ್ಲಿ ವರದಿಯಾಗಿತ್ತು. ರೂಟರಿಗೆ ಜೋಡಿಸಿಕೊಂಡಿರುವಾಗ ಆ ಹೆಸರಿಗೆ ರೂಟರೇ ಉತ್ತರಿಸುತ್ತದೆ, ಆದರೆ ಫೋನ್ ಮೊಬೈಲ್ ಡೇಟಾದಲ್ಲಿದ್ದರೆ ಕೋರಿಕೆ ಹೊರಗಿನ ಬೇರೆ ಯಾವುದೋ ತಾಣಕ್ಕೆ ಹೋಗಬಹುದು. ಅಂಕಿಗಳ ವಿಳಾಸವನ್ನೇ ಬಳಸಿದರೆ ಈ ಅಪಾಯವಿಲ್ಲ.

ಈಗ ಒಂದು ಚೀಟಿಯನ್ನು ಕೊನೆಯವರೆಗೂ ಓದಬಹುದು. ಫೋಟೊದಲ್ಲಿ ಕಾಣುವುದು ಇಷ್ಟು ಎಂದಿಟ್ಟುಕೊಳ್ಳೋಣ:

```
Model: TL-WR841N
Power: 9V 0.6A
V: 13.0
```

ಟಿಪಿ-ಲಿಂಕ್‌ನ ಭಾರತದ ತಾಣದಲ್ಲಿ ಈ ಮಾಡೆಲಿನ ಡೌನ್‌ಲೋಡ್ ಪುಟ ತೆರೆದರೆ ಮೊದಲು ಆವೃತ್ತಿ ಆರಿಸುವ ಪಟ್ಟಿ ಇರುತ್ತದೆ. ಪುಟ ತೆರೆದಾಗ ಇರುವ ಆವೃತ್ತಿ ತನ್ನದೇ ಎಂದು ಭಾವಿಸದೆ V13ನ್ನು ಆರಿಸಬೇಕು. ಇಳಿಸಿಕೊಂಡ ಫೈಲಿನ ಹೆಸರಿನಲ್ಲೂ ಮಾಡೆಲ್, ಪ್ರದೇಶ, V13, ತಾರೀಖು ಇವೆಯೇ ಎಂದು ನೋಡಬೇಕು. ಬಂದದ್ದು ಜಿಪ್ ಫೈಲಾದ್ದರಿಂದ ಅದನ್ನು ಬಿಚ್ಚಿ ಒಳಗಿನ `.bin` ಫೈಲನ್ನು ಮಾತ್ರ ರೂಟರಿಗೆ ಕೊಡಬೇಕು. ಅದರ ತಾರೀಖು ಸ್ಟೇಟಸ್ ಪುಟದಲ್ಲಿ ಕಂಡ ತಾರೀಖಿನದ್ದೇ ಆಗಿದ್ದರೆ ಮಾಡಬೇಕಾದ ಕೆಲಸವೇ ಇಲ್ಲ.

OpenWrt ಎಂಬ ಮುಕ್ತ ಫರ್ಮ್‌ವೇರ್ ಹಾಕುವ ಆಸೆಯುಳ್ಳವರಿಗೂ ಇದೇ ಅಂಕಿ ದಾರಿ ತೋರುತ್ತದೆ. ಅದರ ಫೈಲಿನ ಹೆಸರಿನಲ್ಲೇ `tplink_tl-wr841n-v13` ಎಂದು ಆವೃತ್ತಿ ಸೇರಿರುತ್ತದೆ. 4 ಎಂಬಿ ಫ್ಲ್ಯಾಶ್, 32 ಎಂಬಿ ರ‍್ಯಾಮ್ ಇರುವ ಯಂತ್ರಗಳನ್ನು OpenWrt ಹೊಸ ಬಿಡುಗಡೆಗಳಲ್ಲಿ ಕೈಬಿಟ್ಟಿದೆ, ಹೀಗಾಗಿ 9ರಿಂದ 12 ಮತ್ತು 14 ಇದ್ದವರು ಆ ದಾರಿ ಹಿಡಿಯದಿರುವುದೇ ಮೇಲು. 13 ಇದ್ದವರಿಗೆ ಅವಕಾಶ ಉಂಟು, ಆದರೂ 8 ಮತ್ತು 64 ಎಂಬಿ ಇಂದಿನ ಲೆಕ್ಕದಲ್ಲಿ ಇಕ್ಕಟ್ಟಿನ ಜಾಗವೇ.

ಫರ್ಮ್‌ವೇರ್ ಹಾಕುವಾಗ ಕಂಪ್ಯೂಟರನ್ನು ವೈಫೈ ಬದಲು ಲ್ಯಾನ್ ಕೇಬಲ್‌ನಲ್ಲಿ ಜೋಡಿಸಿರಬೇಕು, ಮತ್ತು ನಡುವೆ ಕರೆಂಟ್ ಹೋಗಬಾರದು. ಊರಿನಲ್ಲಿ ಕರೆಂಟ್ ನೆಚ್ಚುವಂತಿಲ್ಲದಿದ್ದರೆ ಯುಪಿಎಸ್‌ಗೆ ಹಾಕಿಕೊಂಡೇ ಶುರುಮಾಡಬೇಕು. ಅಡಾಪ್ಟರ್ ವಿಷಯದಲ್ಲೂ ಚೀಟಿಯ ಮಾತೇ ಕೊನೆ. 9 ವೋಲ್ಟಿನ ರೂಟರಿನ ತೂತಿಗೆ 12 ವೋಲ್ಟಿನ ಅಡಾಪ್ಟರಿನ ಪಿನ್ ಕೂತುಬಿಡಬಹುದು, ಆದರೆ ಕೂತದ್ದೆಲ್ಲ ಹೊಂದುವುದಿಲ್ಲ. ವೋಲ್ಟ್ ಚೀಟಿಯಲ್ಲಿದ್ದಷ್ಟೇ ಇರಬೇಕು, ಆಂಪಿಯರ್ ಅಷ್ಟೇ ಅಥವಾ ಹೆಚ್ಚು ಇರಬಹುದು.

ಸೆಟ್ಟಿಂಗ್‌ಗಳ ಪೈಕಿ ಚೀಟಿ ಹೇಳುವುದು ರೂಟರಿನ ಒಳಗೆ ಹೋಗುವ ದಾರಿ, ವೈಫೈ ಹೆಸರು, ಮೊದಲ ಪಾಸ್‌ವರ್ಡ್ ಇಷ್ಟನ್ನೇ. ಇಂಟರ್ನೆಟ್ ಬರುವ ಬಗೆ ಅದಕ್ಕೆ ತಿಳಿಯದು, ಅದನ್ನು ತೀರ್ಮಾನಿಸುವುದು ಸಂಪರ್ಕ ಕೊಟ್ಟ ಕಂಪನಿ. ನಮ್ಮ ಊರುಗಳ ಅನೇಕ ಬ್ರಾಡ್‌ಬ್ಯಾಂಡ್ ಸಂಪರ್ಕಗಳು `PPPoE` ವಿಧದವು, ಅವುಗಳಿಗೆ ಕಂಪನಿ ಕೊಟ್ಟ ಯೂಸರ್ ಹೆಸರು, ಪಾಸ್‌ವರ್ಡ್ ಬೇಕು. ಹೊಸ ಫರ್ಮ್‌ವೇರ್ ಹಾಕಿದ ಮೇಲೆ ಇವು ಅಳಿಸಿಹೋಗಬಹುದಾದ್ದರಿಂದ ಮೊದಲೇ ಕಾಗದದಲ್ಲಿ ಬರೆದಿಟ್ಟುಕೊಳ್ಳಬೇಕು. ಒಂದು ಆವೃತ್ತಿಯ ರೂಟರಿನಲ್ಲಿ ತೆಗೆದಿಟ್ಟ ಬ್ಯಾಕಪ್ ಫೈಲನ್ನು ಇನ್ನೊಂದು ಆವೃತ್ತಿಗೆ ತುಂಬಲು ಹೋಗಬಾರದು.

ಇಲ್ಲೊಂದು ಹೊರತು ಇದೆ. ಫೈಬರ್ ತಂತಿ ನೇರ ಬಂದು ಸೇರುವ ಪೆಟ್ಟಿಗೆಯ ಚೀಟಿಯಲ್ಲಿ `GPON SN` ಎಂಬ ಸಾಲು ಇರುತ್ತದೆ. ಅದು ಸಾಮಾನ್ಯವಾಗಿ ತಯಾರಕರನ್ನು ಸೂಚಿಸುವ ನಾಲ್ಕು ಅಕ್ಷರ ಮತ್ತು ಅದರ ಮುಂದಿನ ಎಂಟು ಅಕ್ಷರ-ಅಂಕಿಗಳು. ಈ ಸಂಖ್ಯೆಯಿಂದ ಕಂಪನಿ ತನ್ನ ಜಾಲದಲ್ಲಿ ಪೆಟ್ಟಿಗೆಯನ್ನು ಗುರುತಿಸಬಲ್ಲದು, ಫರ್ಮ್‌ವೇರನ್ನೂ ಹೆಚ್ಚಾಗಿ ದೂರದಿಂದಲೇ ಬದಲಿಸುತ್ತದೆ. ಅದಕ್ಕೆ ಬೇರೆ ಫರ್ಮ್‌ವೇರ್ ತುಂಬಿದರೆ ಸಂಪರ್ಕವೇ ಕಡಿದುಹೋಗಬಹುದು.

ತಪ್ಪು ಫೈಲ್ ಕೊಟ್ಟಾಗ ಅನೇಕ ರೂಟರುಗಳು ಅದನ್ನು ತಾವೇ ತಿರಸ್ಕರಿಸುತ್ತವೆ. ಹಳೆಯ ಟಿಪಿ-ಲಿಂಕ್ ಪುಟಗಳಲ್ಲಿ `Error code: 18005` ಎಂದು ಬಂದರೆ ಫೈಲು ಯಂತ್ರಕ್ಕೆ ಹೊಂದಲಿಲ್ಲ ಎಂದರ್ಥ, ಆಗ ಹಟ ಹಿಡಿಯದೆ ಮತ್ತೆ ಚೀಟಿ ನೋಡಬೇಕು. ತಪ್ಪು ಫೈಲ್ ಒಳಹೊಕ್ಕುಬಿಟ್ಟಿದ್ದರೆ ಅಥವಾ ನಡುವೆ ಕರೆಂಟ್ ಹೋಗಿದ್ದರೆ ಲೈಟುಗಳು ಒಂದೇ ಸಮ ಮಿಟುಕುತ್ತವೆ ಅಥವಾ ಪವರ್ ದೀಪ ಮಾತ್ರ ಉರಿಯುತ್ತದೆ, ಪುಟ ತೆರೆಯುವುದಿಲ್ಲ. ಆಗಲೂ ಈ ಮಾಡೆಲಿನ ಹಲವು ಆವೃತ್ತಿಗಳಲ್ಲಿ ಉಳಿಸುವ ದಾರಿಯೊಂದಿದೆ. ರೀಸೆಟ್ ಗುಂಡಿ ಒತ್ತಿಕೊಂಡು ಪವರ್ ಕೊಟ್ಟರೆ ರೂಟರ್ ಲ್ಯಾನ್ ಕೇಬಲ್‌ನ ಆಚೆ ತುದಿಯ ಕಂಪ್ಯೂಟರಿನಲ್ಲಿ ಒಂದು ಫೈಲನ್ನು ತಾನೇ ಹುಡುಕುತ್ತದೆ. 9ನೆಯ ಆವೃತ್ತಿಯಾದರೆ ಕಂಪ್ಯೂಟರಿನ ವಿಳಾಸ `192.168.0.66` ಆಗಿರಬೇಕು, ಅದರಲ್ಲಿ ಟಿಎಫ್‌ಟಿಪಿ ಸರ್ವರ್ ನಡೆಯುತ್ತಿರಬೇಕು, ಫೈಲಿನ ಹೆಸರು `wr841nv9_tp_recovery.bin` ಎಂದೇ ಇರಬೇಕು. 13 ಹುಡುಕುವ ಹೆಸರು `tp_recovery.bin`. ಹೆಸರಿನಲ್ಲಿ ಒಂದಕ್ಷರ ತಪ್ಪಿದರೂ ರೂಟರಿಗೆ ಫೈಲು ಕಾಣುವುದಿಲ್ಲ. ಅದಕ್ಕೇ ಚೀಟಿಯ ಫೋಟೊವನ್ನು ಕೆಲಸ ಮುಗಿಯುವವರೆಗೂ ಫೋನಿನಿಂದ ಅಳಿಸಬಾರದು.