ಪ್ರಿಂಟ್ ಕಪ್ಪಾಗಿ ಬಂದರೆ ಮೊದಲು ಮಾನಿಟರ್ ನೋಡಿ

ಮದುವೆ ಆಲ್ಬಮ್ ಡಿಸೈನ್ ಮಾಡುವವರು ಲ್ಯಾಬಿಗೆ ಫೋನ್ ಮಾಡಿ ಹೇಳುವ ದೂರು ಹೆಚ್ಚಾಗಿ ಒಂದೇ: "ಸಾರ್, ಪ್ರಿಂಟ್ ಡಾರ್ಕ್ ಬಂದಿದೆ." ಆ ಕಡೆಯ ಉತ್ತರವೂ ಸಿದ್ಧವಾಗಿರುತ್ತದೆ: "ನಮ್ಮ ಮಷಿನ್ ಸರಿಯಾಗಿದೆ, ನೀವು ಕಳಿಸಿದ ಫೈಲೇ ಹಾಗಿತ್ತು." ಬಹಳಷ್ಟು ಸಲ ಲ್ಯಾಬಿನವರ ಮಾತೇ ನಿಜ. ಅಂಗಡಿಯಲ್ಲಿ ಕಣ್ಣಿಗೆ ಹೊಡೆಯಬೇಕು ಎಂಬ ಕಾರಣಕ್ಕೆ ಮಾನಿಟರ್‌ಗಳನ್ನು ವಿಪರೀತ ಬೆಳಕಿಟ್ಟು ಮಾರುತ್ತಾರೆ. ಮನೆಗೆ ತಂದ ಮೇಲೆ ಅದನ್ನು ಯಾರೂ ಮುಟ್ಟುವುದಿಲ್ಲ. ಅಷ್ಟು ಬೆಳಕಿನಲ್ಲಿ ಧಾರೆಯ ಫೋಟೋ ತೀರಾ ಬಿಳಿಚಿದಂತೆ ಕಾಣುತ್ತದೆ, ಡಿಸೈನರ್ ಅದನ್ನು ತಗ್ಗಿಸುತ್ತಾನೆ, ತಗ್ಗಿಸಿದ್ದು ಹಾಗೆಯೇ ಕಾಗದಕ್ಕೆ ಇಳಿಯುತ್ತದೆ.

ಇದಕ್ಕೆ ಸರಿಯಾದ ಉಪಕರಣ ಕಲರಿಮೀಟರ್. ಪರದೆಯ ಮೇಲೆ ತೂಗುಹಾಕಿದರೆ ಬಣ್ಣವನ್ನೂ ಬೆಳಕನ್ನೂ ಅಳೆದು ಕಂಪ್ಯೂಟರಿಗೆ ತಿಳಿಸುವ ಪುಟ್ಟ ಸಾಧನ ಅದು. ಅದಿಲ್ಲದವರಿಗೆ ಉಳಿಯುವುದು ಕಣ್ಣು. ಆದರೆ ಕಣ್ಣನ್ನು ಬಳಸುವ ಕ್ರಮ ಬೇರೆ. ಪರದೆಯ ಬಿಳಿ ಎಷ್ಟು ಪ್ರಕಾಶಮಾನ, ಎಷ್ಟು ನೀಲಿ ಎಂದು ಬರಿಗಣ್ಣಿಗೆ ಹೇಳಲಾಗದು. ಐದು ನಿಮಿಷ ನೋಡುತ್ತ ಕೂತರೆ ಹಳದಿ ಬಿಳಿಯೂ ಬಿಳಿಯೇ, ನೀಲಿ ಬಿಳಿಯೂ ಬಿಳಿಯೇ ಆಗಿಬಿಡುತ್ತದೆ. ಅದೇ ಕಣ್ಣಿನ ಮುಂದೆ ಎರಡು ಬಣ್ಣಗಳನ್ನು ಅಂಚಿಗೆ ಅಂಚು ತಾಗಿಸಿ ಇಡಿ, ಕೂದಲೆಳೆಯ ವ್ಯತ್ಯಾಸವನ್ನೂ ಅದು ಹಿಡಿಯುತ್ತದೆ. ಕಣ್ಣು ತಕ್ಕಡಿಯಂತೆ: ಎರಡೂ ತಟ್ಟೆಯಲ್ಲಿ ಏನಾದರೂ ಇದ್ದರೆ ಮಾತ್ರ ಕೆಲಸ ಮಾಡುತ್ತದೆ. ಹಾಗಾಗಿ ಮಾನಿಟರ್ ಸರಿಪಡಿಸುವ ಪ್ರತಿ ಹಂತದಲ್ಲೂ "ಎಷ್ಟಿದೆ" ಎಂದು ಕೇಳದೆ "ಎರಡೂ ಒಂದೇ ಇದೆಯೇ" ಎಂದು ಕೇಳಬೇಕು.

ಶುರು ಮಾಡುವ ಮುಂಚೆ ಮಾನಿಟರ್ ಅರ್ಧ ಗಂಟೆ ಉರಿಯಲಿ. ರಾತ್ರಿ ಹೊತ್ತು ಪರದೆಯನ್ನು ಹಳದಿ ಮಾಡುವ ನೈಟ್ ಲೈಟ್, ಕಣ್ಣಿಗೆ ಹಿತ ಎಂದು ಹೇಳುವ ಮೋಡ್, ಕೋಣೆಯ ಬೆಳಕಿಗೆ ತಕ್ಕಂತೆ ತಾನೇ ಬದಲಾಗುವ ಬ್ರೈಟ್‌ನೆಸ್, ಡೈನಮಿಕ್ ಕಾಂಟ್ರಾಸ್ಟ್, ಇವೆಲ್ಲವನ್ನೂ ಆಫ್ ಮಾಡಿ. ಇವುಗಳಲ್ಲಿ ಒಂದು ಉಳಿದರೂ ಮುಂದಿನ ಕೆಲಸವೆಲ್ಲ ವ್ಯರ್ಥ.

ಮೊದಲನೆಯದು ಬೆಳಕು. ಇಲ್ಲಿ ಫೋಟೋಗ್ರಾಫರ್‌ಗೆ ಒಂದು ಅನುಕೂಲವಿದೆ, ಬೆಳಕು ಅಳೆಯುವ ಮೀಟರ್ ಅವನ ಕ್ಯಾಮೆರಾದೊಳಗೇ ಇದೆ. ಐಎಸ್‌ಒ 100, ಅಪರ್ಚರ್ ಎಫ್/4 ಇಟ್ಟು, ಪರದೆಯ ತುಂಬ ಖಾಲಿ ಬಿಳಿ ತೆರೆದು, ಚೌಕಟ್ಟಿನಲ್ಲಿ ಬಿಳಿ ಬಿಟ್ಟು ಬೇರೇನೂ ಇರದಂತೆ ಹತ್ತಿರದಿಂದ, ಫೋಕಸ್ ತಪ್ಪಿಸಿ ನೋಡಿ. ಮೀಟರ್ ಸೂಜಿ ಸೊನ್ನೆಗೆ ಬರುವ ಶಟರ್ ವೇಗ ಯಾವುದೋ ಅದನ್ನು ಬರೆದುಕೊಳ್ಳಿ. ಕ್ಯಾಮೆರಾ ಮೀಟರ್‌ಗಳಲ್ಲಿ ಸಾಮಾನ್ಯವಾಗಿ ಬಳಸುವ ಲೆಕ್ಕದ ಪ್ರಕಾರ ಈ ಸೆಟ್ಟಿಂಗಿನಲ್ಲಿ ಶಟರ್ ಅಂಕಿಯನ್ನು ಎರಡರಿಂದ ಗುಣಿಸಿದರೆ ಪರದೆಯ ಪ್ರಕಾಶ ಸಿಗುತ್ತದೆ, ಚದರ ಮೀಟರಿಗೆ ಕ್ಯಾಂಡೆಲಾ ಎಂಬ ಅಳತೆಯಲ್ಲಿ. 1/40 ಬಂದರೆ 80, 1/60 ಬಂದರೆ 120. ಪ್ರಿಂಟಿಗಾಗಿ ಎಡಿಟ್ ಮಾಡುವವರು ಇಟ್ಟುಕೊಳ್ಳುವ ಮಟ್ಟ ಈ 80ರಿಂದ 120ರ ನಡುವೆಯೇ ಇದೆ. ಲೆನ್ಸು, ಮೀಟರು ಎರಡರಲ್ಲೂ ಸಣ್ಣ ವ್ಯತ್ಯಾಸ ಇದ್ದೇ ಇರುತ್ತದೆ, ಸ್ಟಾಪಿನ ಮೂರನೇ ಒಂದು ಭಾಗ ಆಚೀಚೆ ಆದರೆ ಚಿಂತಿಸಬೇಕಿಲ್ಲ.

ಒಂದು ಉದಾಹರಣೆ ನೋಡೋಣ. 24 ಇಂಚಿನ ಮಾನಿಟರ್, ಬ್ರೈಟ್‌ನೆಸ್ ಬಾಕ್ಸಿನಿಂದ ತೆಗೆದಾಗ ಇದ್ದಷ್ಟೇ. ಕ್ಯಾಮೆರಾ 1/160 ತೋರಿಸಿತು, ಅಂದರೆ ಸುಮಾರು 320. ಈಗ ಅದೇ ಮೇಜಿನ ಮೇಲೆ, ಪ್ರಿಂಟ್ ಹಿಡಿದು ನೋಡುವ ಜಾಗದಲ್ಲಿ ಒಂದು ಬಿಳಿ ಹಾಳೆ ಇಟ್ಟು ಅದೇ ಸೆಟ್ಟಿಂಗಿನಲ್ಲಿ ಅಳೆದರೆ 1/40 ಬಂತು, ಅಂದರೆ 80. ಪರದೆಯ ಬಿಳಿ ಕಾಗದದ ಬಿಳಿಗಿಂತ ನಾಲ್ಕು ಪಟ್ಟು, ಪೂರ್ತಿ ಎರಡು ಸ್ಟಾಪ್ ಹೆಚ್ಚು. ಇಷ್ಟು ಅಂತರ ಇರುವಾಗ ಪ್ರಿಂಟ್ ಕಪ್ಪಾಗಿ ಕಾಣದೆ ಇನ್ನೇನಾದೀತು? ಬ್ರೈಟ್‌ನೆಸ್ ಇಳಿಸುತ್ತ ಹೋಗಿ, ಕ್ಯಾಮೆರಾ 1/40 ಅಥವಾ 1/50 ತೋರಿಸಿದಾಗ ನಿಲ್ಲಿಸಬೇಕು. ಕಾಂಟ್ರಾಸ್ಟ್ ಮುಟ್ಟಬೇಡಿ. ಇಳಿಸಿದ ಕೂಡಲೇ ಪರದೆ ಸತ್ತಂತೆ ಕಾಣುತ್ತದೆ, ಮತ್ತೆ ಏರಿಸಲು ಕೈ ಹೋಗುತ್ತದೆ. ಕಾಲು ಗಂಟೆ ತಡೆದರೆ ಕಣ್ಣು ಹೊಂದಿಕೊಳ್ಳುತ್ತದೆ. ಈಗ ಹಿಂದಿನ ವಾರ ಎಡಿಟ್ ಮಾಡಿದ ಫೋಟೋ ತೆರೆದರೆ ಅದು ಪ್ರಿಂಟಿನಷ್ಟೇ ಕಪ್ಪಾಗಿ ಪರದೆಯ ಮೇಲೆಯೇ ಕಾಣುತ್ತದೆ. ನನ್ನ ಅಭಿಪ್ರಾಯದಲ್ಲಿ ಬಣ್ಣದ ತಲೆನೋವು ಎಂದುಕೊಂಡದ್ದರಲ್ಲಿ ಅರ್ಧಕ್ಕಿಂತ ಹೆಚ್ಚು ಈ ಒಂದು ಹಂತದಲ್ಲೇ ಮುಗಿಯುತ್ತದೆ.

ಬೆಳಕು ಸರಿಯಾದ ಮೇಲೆ ಎರಡು ತುದಿಗಳನ್ನು ನೋಡಬೇಕು. ಪೂರ್ತಿ ಕಪ್ಪು ಹಿನ್ನೆಲೆಯ ಮೇಲೆ 4, 8, 12, 16 ಅಂಕಿಯ ಬೂದು ಚೌಕಗಳನ್ನು ಬಿಡಿಸಿ, ಕೋಣೆಯ ದೀಪ ಆರಿಸಿ ನೋಡಿ. 8 ಅಥವಾ 12 ಮಸುಕಾಗಿ ಕಂಡರೆ ಸರಿ. ಹಾಗೆಯೇ 255ರ ಬಿಳಿಯ ಮೇಲೆ 250ರ ಚೌಕ ಕಾಣಬೇಕು. ಎರಡೂ ತುದಿ ಒಟ್ಟಿಗೆ ನುಂಗಿಹೋಗಿ, 16ರವರೆಗೂ ಒಂದೇ ಕಪ್ಪು, 235ರಿಂದ ಮೇಲೆ ಒಂದೇ ಬಿಳಿ ಎಂದಾದರೆ ಅದು ಮಾನಿಟರಿನ ದೋಷವಲ್ಲ. ಎಚ್‌ಡಿಎಂಐ ಕೇಬಲ್ಲಿನಲ್ಲಿ ಬರುವ ಸಂಕೇತವನ್ನು ಮಾನಿಟರ್ ಟಿವಿಯ ಸಂಕೇತ ಎಂದು ತಿಳಿದಿರುತ್ತದೆ. ಮಾನಿಟರ್ ಮೆನುವಿನಲ್ಲೋ ಗ್ರಾಫಿಕ್ಸ್ ಸೆಟ್ಟಿಂಗಿನಲ್ಲೋ ರೇಂಜ್ ಎಂಬುದನ್ನು ಎರಡೂ ಕಡೆ ಫುಲ್ ಮಾಡಿದರೆ ಸರಿಹೋಗುತ್ತದೆ.

ಇನ್ನು ನಡುವಿನ ಬೂದುಗಳು, ಅಂದರೆ ಗಾಮಾ. ಕಣ್ಣಿನ ತಕ್ಕಡಿ ತನ್ನ ಪೂರ್ತಿ ಶಕ್ತಿ ತೋರಿಸುವುದು ಇಲ್ಲಿ. ಒಂದು ಪಿಕ್ಸೆಲ್ ಕಪ್ಪು ಗೆರೆ, ಅದರ ಕೆಳಗೆ ಒಂದು ಪಿಕ್ಸೆಲ್ ಬಿಳಿ ಗೆರೆ, ಹೀಗೆ ಅಡ್ಡ ಗೆರೆಗಳಿಂದ ಒಂದು ದೊಡ್ಡ ಚೌಕ ತುಂಬಿ. ದೂರದಿಂದ ನೋಡಿದರೆ ಗೆರೆಗಳು ಬೆರೆತು ಬಿಳಿಯ ಸರಿಯಾಗಿ ಅರ್ಧದಷ್ಟು ಬೆಳಕು ಕೊಡುತ್ತವೆ. ಇದು ಮಾನಿಟರಿನ ಸೆಟ್ಟಿಂಗ್ ಏನೇ ಇದ್ದರೂ ಬದಲಾಗದ ಅರ್ಧ. ಅದರ ನಡುವೆ 186 ಅಂಕಿಯ ಬೂದು ಬಣ್ಣದ ಚೌಕವೊಂದನ್ನು ಕೂರಿಸಿ. ಗಾಮಾ 2.2 ಇರುವ ಪರದೆಯಲ್ಲಿ 186 ಕೊಡುವ ಬೆಳಕೂ ಅರ್ಧವೇ. ಆದ್ದರಿಂದ ಎರಡು ಮೀಟರ್ ಹಿಂದೆ ಸರಿದು ಕಣ್ಣು ಕಿರಿದು ಮಾಡಿ ನೋಡಿದಾಗ ನಡುವಿನ ಚೌಕ ಸುತ್ತಲಿನ ಗೆರೆಗಳಲ್ಲಿ ಕರಗಿಹೋಗಬೇಕು. ಚೌಕ ಬೆಳ್ಳಗೆ ಎದ್ದು ಕಂಡರೆ ಗಾಮಾ ಕಡಿಮೆ, ಕಪ್ಪಾಗಿ ಕಂಡರೆ ಹೆಚ್ಚು. ಮಾನಿಟರ್ ಮೆನುವಿನಲ್ಲಿ ಗಾಮಾ ಆಯ್ಕೆ ಇದ್ದರೆ ಅಲ್ಲಿ ಬದಲಿಸಿ. ಇಲ್ಲದಿದ್ದರೆ ವಿಂಡೋಸ್‌ನಲ್ಲಿ `dccw` ಎಂದು ಟೈಪ್ ಮಾಡಿದರೆ ತೆರೆಯುವ ಕ್ಯಾಲಿಬ್ರೇಷನ್ ಕಿಟಕಿಯಲ್ಲಿ ಗಾಮಾ ಜಾರುಪಟ್ಟಿ ಇದೆ. ಚಿತ್ರವನ್ನು ನೂರಕ್ಕೆ ನೂರು ಗಾತ್ರದಲ್ಲೇ ನೋಡಬೇಕು. ವಿಂಡೋಸ್ ಸ್ಕೇಲಿಂಗ್ 125 ಇದ್ದರೆ ಗೆರೆಗಳು ಮೊದಲೇ ಕಲಸಿಹೋಗಿ ಸುಳ್ಳು ಫಲಿತಾಂಶ ಬರುತ್ತದೆ. ಹತ್ತಿರ ಹೋದಾಗ ಒಂದೊಂದು ಗೆರೆಯೂ ಚೊಕ್ಕವಾಗಿ ಬಿಡಿಬಿಡಿಯಾಗಿ ಕಂಡರೆ ಮಾತ್ರ ಪರೀಕ್ಷೆ ನಂಬಬಹುದು.

ಲ್ಯಾಪ್‌ಟಾಪಿನಲ್ಲಿ ಎಡಿಟ್ ಮಾಡುವವರಿಗೆ ಈ ಚಿತ್ರದಿಂದ ಇನ್ನೊಂದು ಉಪಯೋಗವಿದೆ. ಅಗ್ಗದ ಲ್ಯಾಪ್‌ಟಾಪ್ ಪರದೆಗಳಲ್ಲಿ ಮುಚ್ಚಳವನ್ನು ಸ್ವಲ್ಪ ಹಿಂದೆ ಬಾಗಿಸಿದರೂ ನಡುವಿನ ಚೌಕ ಬೆಳ್ಳಗಾಗುವುದೋ ಕಪ್ಪಾಗುವುದೋ ಕಣ್ಣೆದುರೇ ಕಾಣುತ್ತದೆ. ಫೋಟೋದ ನೆರಳುಗಳೂ ಅಷ್ಟೇ ಬದಲಾಗುತ್ತಿರುತ್ತವೆ, ನಾವು ಗಮನಿಸಿರುವುದಿಲ್ಲ. ಕೆಲಸಕ್ಕೆ ಕೂರುವ ಮುಂಚೆ ಚೌಕ ಕರಗುವವರೆಗೆ ಮುಚ್ಚಳ ಹೊಂದಿಸಿಕೊಂಡರೆ ದಿನವೂ ಒಂದೇ ಕೋನ ಸಿಗುತ್ತದೆ.

ಬಣ್ಣದ ಛಾಯೆಯ ವಿಷಯಕ್ಕೆ ಬಂದರೆ, ಕೈ ಹಾಕದಿರುವುದೇ ಲೇಸು ಎಂಬುದು ನನ್ನ ನಿಲುವು. ಮಾನಿಟರ್ ಮೆನುವಿನಲ್ಲಿ 6500ಕೆ ಅಥವಾ ಎಸ್‌ಆರ್‌ಜಿಬಿ ಎಂಬ ಆಯ್ಕೆ ಇದ್ದರೆ ಅದನ್ನೇ ಇಡಿ. ಕಪ್ಪಿನಿಂದ ಬಿಳಿಯವರೆಗಿನ ಬೂದು ಪಟ್ಟಿಯೊಂದನ್ನು ತೆರೆದು ಅದರುದ್ದಕ್ಕೂ ಎಲ್ಲಾದರೂ ಗುಲಾಬಿ ಅಥವಾ ಹಸಿರು ಇಣುಕುತ್ತಿದೆಯೇ ನೋಡಿ. ಇಡೀ ಪಟ್ಟಿಯ ಮೇಲೆ ಸ್ಪಷ್ಟವಾದ ಒಂದೇ ಛಾಯೆ ಇದ್ದರೆ ಆರ್, ಜಿ, ಬಿ ಗೇನ್‌ಗಳಲ್ಲಿ ಹೆಚ್ಚಾಗಿರುವುದನ್ನು ಇಳಿಸಿ, ಯಾವುದನ್ನೂ ಏರಿಸಬೇಡಿ. ಏರಿಸಿದರೆ ಬಿಳಿಯ ತುದಿ ಒಡೆಯುತ್ತದೆ. ಬಿಳಿ ಹಾಳೆ ಹಿಡಿದು ಹೋಲಿಸುವವರು ನೆನಪಿಡಬೇಕಾದ್ದು, ಝೆರಾಕ್ಸ್ ಹಾಳೆಯಲ್ಲಿ ಹೊಳಪಿಗಾಗಿ ಸೇರಿಸಿದ ರಾಸಾಯನಿಕ ಹಗಲು ಬೆಳಕಿನಲ್ಲಿ ನೀಲಿ ಸೂಸುತ್ತದೆ. ಅದಕ್ಕೆ ಹೊಂದಿಸಿದರೆ ಪರದೆಯೂ ನೀಲಿಯಾಗುತ್ತದೆ. ಕೆಂಪು ಹಸಿರು ಬಣ್ಣಗುರುಡು ಇರುವವರು ಈ ಹಂತವನ್ನು ಬೇರೆಯವರಿಂದ ಮಾಡಿಸುವುದು ಒಳ್ಳೆಯದು.

ಇಷ್ಟಾದ ಮೇಲೆ ಲ್ಯಾಬಿಗೆ ಒಂದು ಚಿಕ್ಕ ಪರೀಕ್ಷಾ ಪ್ರಿಂಟ್ ಕಳಿಸಿ. 4x6 ಅಳತೆ ಸಾಕು. ಅರ್ಧದಲ್ಲಿ ಒಂದು ಮುಖ, ಇನ್ನರ್ಧದಲ್ಲಿ ಕೆಂಪು, ಹಸಿರು, ನೀಲಿ ಮೂರೂ 128 ಇರುವ ಬೂದು ಪಟ್ಟಿ. "ಕರೆಕ್ಷನ್ ಹಾಕಬೇಡಿ" ಎಂದು ಖಂಡಿತ ಹೇಳಿ, ಇಲ್ಲದಿದ್ದರೆ ಲ್ಯಾಬಿನ ಆಪರೇಟರ್ ತನ್ನ ಕಣ್ಣಿಗೆ ತಕ್ಕಂತೆ ತಿದ್ದಿರುತ್ತಾನೆ. ಬಂದ ಪ್ರಿಂಟನ್ನು ಕಿಟಕಿಯ ಬೆಳಕಿನಲ್ಲಿ, ನೇರ ಬಿಸಿಲು ತಾಗದಂತೆ, ಪರದೆಯ ಪಕ್ಕ ಹಿಡಿಯಿರಿ. ಕಾಗದದ ಮೇಲಿನ ಬೂದು ಪಟ್ಟಿ ಹಸಿರಾಗಿದ್ದರೆ ತಪ್ಪು ಲ್ಯಾಬಿನದು. ಅದಕ್ಕೆ ಹೊಂದಿಸಲು ಮಾನಿಟರನ್ನು ಹಸಿರು ಮಾಡಿದರೆ ಬೇರೆ ಲ್ಯಾಬಿಗೆ ಕಳಿಸಿದ ದಿನ ಎಲ್ಲ ಕೆಡುತ್ತದೆ. ಕಾಗದದಲ್ಲಿ ಬೂದು ಬೂದಾಗಿಯೇ ಇದ್ದು ಪರದೆಯಲ್ಲಿ ಗುಲಾಬಿ ಕಂಡರೆ ಮಾನಿಟರ್ ತಿದ್ದಬೇಕು.

ಪರದೆಯ ಮೇಲೆ ಅನುಮಾನ ಬಂದಾಗಲೆಲ್ಲ ಫೈಲಿನೊಳಗಿನ ಅಂಕಿಗಳನ್ನು ಕೇಳಬಹುದು, ಅವು ಯಾವ ಮಾನಿಟರಿಗೂ ಸುಳ್ಳು ಹೇಳುವುದಿಲ್ಲ. ಬೆಳಕು ಬಿದ್ದ ಕಡೆ ವರನ ಬಿಳಿ ಪಂಚೆಯ ಮೇಲೆ ಐಡ್ರಾಪರ್ ಇಟ್ಟಾಗ ಮೂರೂ ಅಂಕಿ ಹತ್ತಿರ ಹತ್ತಿರ 235 ಸುತ್ತ ಇದ್ದರೆ ಬಣ್ಣವೂ ಬೆಳಕೂ ಸರಿ. ಮೂರೂ 170ರಲ್ಲಿ ನಿಂತಿದ್ದರೆ ಫೋಟೋ ಕಪ್ಪಾಗಿಯೇ ಇದೆ, ಪರದೆ ಏನೇ ತೋರಿಸಲಿ. ನೀಲಿ ಒಂದೇ 20 ಕಡಿಮೆ ಇದ್ದರೆ ಪಂಚೆ ಹಳದಿ ತಿರುಗಿದೆ, ಮಂಟಪದ ಹಳದಿ ದೀಪ ಇನ್ನೂ ಫೋಟೋದಲ್ಲಿ ಉಳಿದಿದೆ.

ಕಣ್ಣಿಗೆ ಎಟುಕದ ಸಂಗತಿ ಒಂದಿದೆ, ಅದು ಮಾನಿಟರಿನ ಕೆಂಪು ನಿಜಕ್ಕೂ ಎಷ್ಟು ಕೆಂಪು ಎಂಬುದು. ಬೂದುಗಳನ್ನು ಎಷ್ಟೇ ಚೆನ್ನಾಗಿ ಹೊಂದಿಸಿದರೂ ಮೂಲ ಬಣ್ಣಗಳ ಗಾಢತೆ ಬದಲಾಗುವುದಿಲ್ಲ. ಅಗ್ಗದ ಲ್ಯಾಪ್‌ಟಾಪ್ ಪರದೆಯಲ್ಲಿ ಕೆಂಪು ರೇಷ್ಮೆ ಸೀರೆ ಇಟ್ಟಿಗೆ ಬಣ್ಣಕ್ಕೆ ತಿರುಗಿರುತ್ತದೆ. ಡಿಸೈನರ್ ಸ್ಯಾಚುರೇಷನ್ ಏರಿಸುತ್ತಾನೆ, ಪ್ರಿಂಟಿನಲ್ಲಿ ಸೀರೆಯ ಮಡಿಕೆಗಳೇ ಕಾಣದೆ ಒಂದೇ ಕೆಂಪು ಗುಡ್ಡೆಯಾಗುತ್ತದೆ. ಹೆಚ್ಚು ಬಣ್ಣ ತೋರಿಸುವ ವೈಡ್ ಗ್ಯಾಮಟ್ ಮಾನಿಟರಿನಲ್ಲಿ ಇದು ತಿರುಗಾಮುರುಗಾ ಆಗುತ್ತದೆ, ಅಲ್ಲಿ ಎಸ್‌ಆರ್‌ಜಿಬಿ ಮೋಡ್ ಹಾಕಿದರೆ ಮಟ್ಟಿಗೆ ಬರುತ್ತದೆ. ಲ್ಯಾಪ್‌ಟಾಪಿನವರಿಗೆ ಅಂಥ ದಾರಿಯಿಲ್ಲ. ಸೀರೆಯ ಕೆಂಪಿನಲ್ಲಿ ಆರ್ ಅಂಕಿ 255ಕ್ಕೆ ಮುಟ್ಟಿ ನಿಂತಿದೆಯೇ ಎಂದು ಐಡ್ರಾಪರ್‌ನಿಂದ ನೋಡಿಕೊಂಡು, ಮುಟ್ಟಿದ್ದರೆ ಸ್ಯಾಚುರೇಷನ್ ಇಳಿಸಿ, ಆ ಒಂದು ಸೀರೆಯ ತುಣುಕನ್ನು ಮಾತ್ರ ಆಲ್ಬಮ್‌ಗೆ ಮುಂಚೆ ಪ್ರಿಂಟ್ ಹಾಕಿಸಿ ನೋಡಬೇಕು.