ಆರು ಕಾಲಿನ ಮರಿ

ರಾತ್ರಿ ಹನ್ನೊಂದು ದಾಟಿದೆ. ಬೆಳಗ್ಗೆ ಪ್ರಾಕ್ಟಿಕಲ್ ಪರೀಕ್ಷೆ. ಪಶುವೈದ್ಯಕೀಯ ಓದುವ ಇಬ್ಬರು ಗೆಳತಿಯರು ಹಾಸ್ಟೆಲಿನಲ್ಲಿ ಸ್ಲೈಡುಗಳ ಚಿತ್ರ ಹರಡಿಕೊಂಡು ಕೂತಿದ್ದಾರೆ.

“ಇದಕ್ಕೆ ಆರೇ ಕಾಲು. ಕೀಟ ಅಂತ ಬರೀಲಾ?”

“ಬೇಡ ಕಣೇ! ಉಣುಗಿನ ಮರಿಗೂ ಆರೇ ಕಾಲು. ಪೊರೆ ಬಿಟ್ಟ ಮೇಲೆ ಎಂಟಾಗುತ್ತೆ. ಮೀಸೆ ಇದೆಯಾ ನೋಡು.”

ಮೀಸೆ ಇಲ್ಲ. ಕೀಟವಾದರೆ ಇರುತ್ತಿತ್ತು, ದೇಹವೂ ತಲೆ, ಎದೆ, ಹೊಟ್ಟೆ ಎಂದು ಬೇರೆಬೇರೆ ಕಾಣುತ್ತಿತ್ತು. ಇದು ಒಂದೇ ಚೀಲದಂತಿದೆ.

“ಹಾಗಾದ್ರೆ ನುಸಿ ಇರಬಹುದಲ್ವಾ?”

“ಬಾಯಿ ನೋಡೇ. ನಡುವಿನ ಕಡ್ಡಿಯಲ್ಲಿ ಗರಗಸದಂಥ ಹಲ್ಲಿದೆ, ಉಣುಗೇ.”

ಹಿಂದಕ್ಕೆ ಬಾಗಿದ ಆ ಹಲ್ಲುಗಳಿಂದಲೇ ಉಣುಗು ಚರ್ಮಕ್ಕೆ ಕಚ್ಚಿಕೊಂಡು ನಿಲ್ಲುತ್ತದೆ. ಮುಂದಿನ ಚಿತ್ರ ಹೀಮಫೈಸಾಲಿಸ್. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಪತ್ತೆಯಾದ ಮಂಗನ ಕಾಯಿಲೆಯನ್ನು ಮುಖ್ಯವಾಗಿ ಹರಡುವ ಉಣುಗು ಇದೇ ಕುಲದ್ದು. ಮನುಷ್ಯರಿಗೆ ಸೋಂಕು ಹೆಚ್ಚಾಗಿ ತಗಲುವುದು ಇದರ ಎಳೆಯ ಹಂತವಾದ ನಿಂಫ್ ಕಚ್ಚಿದಾಗ.

“ನಿಂಫ್‌ಗೆ ಎಷ್ಟು ಕಾಲು?”

“ಎಂಟು!”