ಪರಿಚಿತರೇ ಮ್ಯಾಚ್ ಆದಾಗ

ಟಿಂಡರ್‌ನಲ್ಲಿ ಇಬ್ಬರೂ ಪರಸ್ಪರರನ್ನು ಮೆಚ್ಚಿದರೆ ಮಾತ್ರ ಮ್ಯಾಚ್ ಆಗುತ್ತದೆ. ಹಳೆಯ ಪ್ರೇಮಿಯೊಂದಿಗೆ ಮ್ಯಾಚ್ ಆಯಿತೆಂದರೆ ಆ ಕಡೆಯಿಂದಲೂ ಮೆಚ್ಚುಗೆ ಬಂದಿದೆ ಎಂದರ್ಥ. ಅದು ಆಸೆಯೋ, ಬರೀ ಕುತೂಹಲವೋ, ಬೆರಳು ತಪ್ಪಿದ್ದೋ ಎಂಬುದು ಮಾತ್ರ ತಿಳಿಯದು.

ಸಂಬಂಧ ಮುರಿದ ಕಾರಣವನ್ನು ಮೊದಲು ನೋಡಬೇಕು. ಜಗಳ, ಅಪನಂಬಿಕೆಯಿಂದ ಮುರಿದಿದ್ದರೆ ಅನ್‌ಮ್ಯಾಚ್ ಮಾಡುವುದೇ ಲೇಸು. ಕೆಲಸಕ್ಕಾಗಿ ಒಬ್ಬರು ಪುಣೆಗೆ ಹೋಗಿ ದೂರವಾಗಿದ್ದು, ಈಗ ಇಬ್ಬರೂ ಬೆಂಗಳೂರಿನಲ್ಲಿದ್ದರೆ, “ನಿನ್ನ ಪ್ರೊಫೈಲ್ ನೋಡಿದೆ. ಮಾತಾಡೋಣ ಅನ್ನಿಸಿದರೆ ಹೇಳು” ಎಂಬಷ್ಟು ಸಾಕು. ಉತ್ತರ ಬಾರದಿದ್ದರೆ ಎರಡನೆಯ ಸಂದೇಶ ಬೇಡ.

ಗೆಳೆಯನ ತಂಗಿಯಾದರೆ ಮೊದಲು ಮಾತಾಡಬೇಕಾದದ್ದು ಅವಳೊಂದಿಗೇ. ನಿರ್ಧಾರ ಅವಳದು, ಅಣ್ಣನ ಅನುಮತಿ ಬೇಕಿಲ್ಲ. ಅವನಿಗೆ ಯಾವಾಗ, ಯಾರು ಹೇಳಬೇಕೆಂಬುದನ್ನು ಭೇಟಿಗೆ ಮುಂಚೆ ಇಬ್ಬರೂ ಕೂಡಿ ತೀರ್ಮಾನಿಸಬೇಕು. ಮುಚ್ಚಿಟ್ಟ ಸಂಗತಿ ಮೂರನೆಯವರಿಂದ ತಿಳಿದರೆ ಗೆಳೆತನ ಕೆಡುತ್ತದೆ.